ಯೀಸ್ಟಿಗೆ ಜೀವ ಅದನೋ ಇಲ್ಲೋ? ಅರವತ್ತು ವರ್ಷದ ಜಗಳ

ಮನ್ಯಾಗ ಬ್ರೆಡ್, ಪಾವ್ ಮಾಡೋವರು ಈಗ ಭಾಳ ಮಂದಿ ಆಗ್ಯಾರ. ಅವರು ಕೇಳೋ ಪ್ರಶ್ನಿ ಒಂದೇ: ಈ ಯೀಸ್ಟ್ ಅನ್ನೋದು ಅಡಿಗಿ ಸೋಡಾದ ಹಂಗ ಬರೇ ಪುಡಿನೋ, ಇಲ್ಲಾ ಮೊಸರಿನ ಹೆಪ್ಪಿನ ಹಂಗ ಜೀವಂತ ವಸ್ತುನೋ? ಡಬ್ಬಿ ತಗದು ನೋಡಿದ್ರ ಕಂದು ಬಣ್ಣದ ಒಣಾ ಹರಳು ಕಾಣ್ತಾವ, ಅಷ್ಟ. ಜೀವ ಇರೋ ಲಕ್ಷಣ ಒಂದೂ ಕಾಣೂದಿಲ್ಲ. ನಮಗಷ್ಟ ಅಲ್ಲ, ಯುರೋಪಿನ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇದ ಪ್ರಶ್ನಿ ಕಾಡಿತ್ತು. 1837ರಿಂದ 1897ರ ತನಕ, ಅಂದ್ರ ಬರೋಬ್ಬರಿ ಅರವತ್ತು ವರ್ಷ, ಇದ್ರ ಮ್ಯಾಲೆ ಜಗಳ ನಡೀತು. ಆ ಜಗಳದ ಕಥಿ ಗೊತ್ತಾದ್ರ ನಮ್ಮ ಹಿಟ್ಟು ಯಾಕ ಉಬ್ಬತದ, ಯಾಕ ಕೆಲವೊಮ್ಮೆ ಉಬ್ಬೂದಿಲ್ಲ ಅನ್ನೋದೂ ತಿಳೀತದ.

ಆಗಿನ ಕಾಲದಾಗ ಯುರೋಪಿನ ಎಷ್ಟೋ ಬೇಕರಿಯವರು ಬಿಯರ್ ತಯಾರು ಮಾಡೋವರ ಕಡೆಯಿಂದ ನೊರಿ ತಂದು ಹಿಟ್ಟಿಗೆ ಕಲಸ್ತಿದ್ರು. ಆ ನೊರಿನ ಯೀಸ್ಟ್. ಹಾಲೆಂಡಿನ ಡೆಲ್ಫ್ಟ್ ಊರಿನ ಅರಿವಿ ವ್ಯಾಪಾರಿ ಲೇವನ್‌ಹುಕ್ ಅನ್ನೋವ ತಾನ ತಯಾರಿಸಿದ ಸೂಕ್ಷ್ಮದರ್ಶಕದಾಗ 1680ರಷ್ಟು ಹಿಂದನ ಬಿಯರಿನ ಯೀಸ್ಟ್ ನೋಡಿದ್ದ. ಸಣ್ಣ ಸಣ್ಣ ದುಂಡನೆ ಉಂಡಿ ಕಂಡ್ವು ಅಂತ ಬರದಿಟ್ಟ. ಅವು ಜೀವಂತ ಅನ್ನೋದು ಅವಗ ಹೊಳೀಲಿಲ್ಲ. ಮುಂದ ನೂರೈವತ್ತು ವರ್ಷ ಹೆಚ್ಚಿನವರಿಗೂ ಹೊಳೀಲಿಲ್ಲ.

1837ರ ಸುಮಾರಿಗೆ ಇಬ್ಬರು, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಹಂಗ, ಒಂದೇ ಮಾತು ಹೇಳಿದ್ರು. ಫ್ರಾನ್ಸಿನ ಕಾನ್ಯಾರ್ ದ ಲಾತೂರ್ ಸೂಕ್ಷ್ಮದರ್ಶಕದಾಗ ನೋಡ್ತಾ ಕೂತಾಗ ಒಂದು ಉಂಡಿಯ ಬದಿಗೆ ಸಣ್ಣ ಮೊಗ್ಗಿ ಮೂಡಿ, ಅದು ಬೆಳದು ಇನ್ನೊಂದು ಉಂಡಿ ಆತು. ಕಲ್ಲು, ಮಣ್ಣು, ಸೋಡಾ ಹಿಂಗ ಮರಿ ಹಾಕ್ತಾವೇನು? ಹಂಗಾರ ಇದು ಜೀವಂತ ಅಂದ ಅವಾ. ಜರ್ಮನಿಯ ಥಿಯೋಡರ್ ಶ್ವಾನ್ ಬ್ಯಾರೆ ಹಾದಿ ಹಿಡದ. ಯೀಸ್ಟ್ ಹಾಕಿದ ಸಕ್ಕರಿ ನೀರನ್ನ ಕುದಿಸಿದ. ಆರಿದ ಮ್ಯಾಲೆ ಅದಕ್ಕ ಕಾಯಿಸಿದ ಗಾಳಿ ಮಾತ್ರ ಬಿಟ್ರ ಅದು ಹುದುಗಲಿಲ್ಲ, ಸಾದಾ ಗಾಳಿ ಬಿಟ್ರ ಹುದುಗಿತು. ಕುದಿಸಿದ್ರ ಸಾಯೋದು ಏನೋ ಒಂದು ಇದ್ರಾಗ ಅದ ಅಂದಂಗಾತು. ಅವಾ ಇದಕ್ಕ ಸಕ್ಕರಿ ಬೂಸ್ಟು ಅಂತ ಹೆಸರಿಟ್ಟ. ಇವತ್ತಿಗೂ ಯೀಸ್ಟಿನ ಶಾಸ್ತ್ರೀಯ ಹೆಸರು ಸ್ಯಾಕರೋಮೈಸಿಸ್, ಅರ್ಥ ಅದ. ಯೀಸ್ಟ್ ಪ್ರಾಣಿ ಅಲ್ಲ, ಅಣಬಿಯ ಬಳಗದ್ದು. ಶಾಖಾಹಾರಿಗಳು ಅಂಜೂದು ಬ್ಯಾಡ.

ಇಲ್ಲೇ ಜಗಳ ಶುರು ಆತು. ಜರ್ಮನಿಯ ಯುಸ್ಟುಸ್ ಲೀಬಿಗ್ ಆಗಿನ ರಸಾಯನ ವಿಜ್ಞಾನದ ದೊಡ್ಡ ಹೆಸರು. ಅವನ ಪತ್ರಿಕಿಯೊಳಗ 1839ರಾಗ ಹೆಸರಿಲ್ಲದ ಒಂದು ಲೇಖನ ಬಂತು. ಬರದವ ಅವನ ಗೆಳೆಯ ವೋಲರ್, ಮಸಾಲಿ ಹಾಕಿದವ ಲೀಬಿಗ್. ಯೀಸ್ಟ್ ಅಂದ್ರ ಸಾರಾಯಿ ಇಳಿಸೋ ಪಾತ್ರಿಯ ಆಕಾರದ ಸಣ್ಣ ಪ್ರಾಣಿ, ಅದು ಬಾಯಿಯಿಂದ ಸಕ್ಕರಿ ನುಂಗತದ, ಹಿಂದಿನಿಂದ ಆಲ್ಕೋಹಾಲ್ ಬಿಡತದ, ಮೂತ್ರದ ದಾರಿಯಿಂದ ಗಾಳಿ ಬಿಡತದ ಅಂತ ಚೇಷ್ಟಿ ಮಾಡಿದ್ರು. ಓದಿದವರೆಲ್ಲಾ ನಕ್ರು. ಶ್ವಾನ್‌ನ ಮಾತಿಗೆ ಬೆಲಿ ಕಡಿಮಿ ಆತು.

ಹಂಗಂತ ಲೀಬಿಗ್ ಹುಚ್ಚ ಅಲ್ಲ. ಅವನ ವಾದ ಹಿಂಗಿತ್ತು: ಯೀಸ್ಟ್ ಅನ್ನೋದು ಕೊಳೀತಿರೋ ವಸ್ತು. ಒಂದು ಕೊಳೆತ ಮಾವಿನಹಣ್ಣು ಬುಟ್ಟಿಯಾಗಿನ ಉಳಿದ ಹಣ್ಣು ಕೆಡಿಸೋ ಹಂಗ, ಆ ಕೊಳಿಯೋ ಗತಿ ಸಕ್ಕರಿಗೂ ಹತ್ತಿ ಸಕ್ಕರಿ ಒಡೀತದ. ಇದಕ್ಕ ಜೀವ ಬೇಕಾಗಿಲ್ಲ, ಬರೇ ರಸಾಯನ ಸಾಕು.

ಇದಕ್ಕ ಉತ್ತರ ಕೊಟ್ಟವ ಲೂಯಿ ಪಾಶ್ಚರ್. 1856ರಾಗ ಅವಾ ಫ್ರಾನ್ಸಿನ ಲೀಲ್ ಊರಾಗ ಪ್ರಾಧ್ಯಾಪಕ. ಅಲ್ಲಿಯ ಒಬ್ಬ ಕಾರ್ಖಾನಿ ಮಾಲಕ, ಬೀಟ್‌ರೂಟಿನ ರಸದಿಂದ ಆಲ್ಕೋಹಾಲ್ ಮಾಡೋವ, ತನ್ನ ಹಂಡೆದಾಗಿನ ರಸ ಹುಳಿ ಆಗಿ ಕೆಡ್ಲಿಕ್ಕತ್ತೇದ ಅಂತ ಸಹಾಯ ಕೇಳ್ದ. ಪಾಶ್ಚರ್ ಒಳ್ಳೆ ಹಂಡೆದ ರಸದಾಗ ದುಂಡನೆ ಯೀಸ್ಟ್ ಕಂಡ. ಕೆಟ್ಟ ಹಂಡೆದಾಗ ಅದಕ್ಕಿಂತ ಭಾಳ ಸಣ್ಣ, ಕಡ್ಡಿಯಂಥಾವು ಕಂಡ್ವು. ಬ್ಯಾರೆ ಬ್ಯಾರೆ ಜೀವಿ, ಬ್ಯಾರೆ ಬ್ಯಾರೆ ಕೆಲಸ.

ಮುಂದ 1860ರಾಗ ಅವಾ ಲೀಬಿಗ್‌ನ ವಾದದ ಬೇರಿಗೇ ಕೈ ಹಾಕ್ದ. ಕೊಳೆಯೋ ವಸ್ತುವಿನಿಂದ ಹುದುಗತದ ಅಂತೀರಿ ಹೌದಲ್ಲೋ, ಕೊಳೆಯೋದು ಏನೂ ಇಲ್ಲದನ ಹುದುಗಿಸಿ ತೋರಸ್ತೀನಿ ಅಂದಂಗ. ಶುದ್ಧ ನೀರು, ಸಕ್ಕರಿ, ಅಮೋನಿಯಾದ ಒಂದು ಉಪ್ಪು, ಯೀಸ್ಟ್ ಸುಟ್ಟ ಬೂದಿ, ಇಷ್ಟ ತಗೊಂಡ. ಅದಕ್ಕ ಗುಂಡುಪಿನ್ನಿನ ತಲಿಯಷ್ಟು ತಾಜಾ ಯೀಸ್ಟ್ ಹಾಕಿದ. ಸಕ್ಕರಿ ಹುದುಗಿತು, ಯೀಸ್ಟೂ ಬೆಳದು ಹೆಚ್ಚಾತು. ಕೊಳೆಯೋ ವಸ್ತು ಬೆಳೀತದೇನು? ಬೆಳೆಯೋದು ಜೀವ ಮಾತ್ರ. ಲೀಬಿಗ್ 1873ರಾಗ ತೀರ್ಕೊಂಡ. ಅಲ್ಲೀತನಕಾ ಪಾಶ್ಚರನ ಮಾತು ಪೂರ್ತಿ ಒಪ್ಪಲಿಲ್ಲ.

ಕಥಿ ಇಲ್ಲಿಗೆ ಮುಗಿದಿದ್ರ ಪಾಶ್ಚರ್ ಗೆದ್ದ ಅಂತ ಹೇಳಿ ಏಳಬಹುದಿತ್ತು. ಆದ್ರ 1897ರಾಗ ಜರ್ಮನಿಯ ಎಡುವರ್ಡ್ ಬುಕ್ನರ್ ಎಲ್ಲಾ ತಿರುವಿ ಹಾಕ್ದ. ಅವನಿಗೆ ಬ್ಯಾರೆ ಪ್ರಯೋಗಕ್ಕಂತ ಯೀಸ್ಟಿನ ಒಳಗಿನ ರಸ ಬೇಕಾಗಿತ್ತು. ಯೀಸ್ಟಿಗೆ ಉಸುಕು, ಒಂದು ಥರದ ನಯಾ ಮಣ್ಣು ಕೂಡಿಸಿ ಅರದ್ರು. ಆ ಮುದ್ದಿಯನ್ನ ಅರಿವಿಯಾಗ ಕಟ್ಟಿ ಯಂತ್ರದಾಗ ಒತ್ತಿ ರಸ ಹಿಂಡಿದ್ರು. ಆ ರಸ ಕೆಡಬಾರದಂತ, ನಾವು ಗುಳಂಬಕ್ಕ ಸಕ್ಕರಿ ಹಾಕೋ ಹಂಗ, ಭರ್ತಿ ಸಕ್ಕರಿ ಹಾಕಿದ್ರು. ನೋಡ್ತಾರ, ರಸದಾಗ ಗುಳ್ಳಿ ಏಳ್ಲಿಕ್ಕತ್ತು! ಒಂದೂ ಜೀವಂತ ಯೀಸ್ಟ್ ಇಲ್ಲ, ಆದ್ರೂ ಸಕ್ಕರಿ ಹುದುಗ್ಲಿಕ್ಕತ್ತೇದ. ಈ ಕೆಲಸಕ್ಕ ಅವಗ 1907ರಾಗ ನೊಬೆಲ್ ಬಹುಮಾನ ಬಂತು.

ಅಂದ್ರ ಇಬ್ಬರದೂ ಅರ್ಧರ್ಧ ಖರೆ. ಯೀಸ್ಟ್ ಜೀವಂತ ಅನ್ನೋ ಪಾಶ್ಚರನ ಮಾತು ಖರೆ. ಆದ್ರ ಸಕ್ಕರಿ ಒಡೆಯೋ ಕೆಲಸ ಮಾಡೋದು ಅದರ ಹೊಟ್ಟಿಯೊಳಗಿನ ರಸದಾಗಿರೋ ವಸ್ತುಗಳು. ಅವಕ್ಕ ಈಗ ಎಂಜೈಮ್ ಅಂತೀವಿ. ಗ್ರೀಕ್ ಭಾಷಾದಾಗ ಆ ಶಬ್ದದ ಅರ್ಥನ ಯೀಸ್ಟಿನೊಳಗ ಅಂತ. ಆ ವಸ್ತುಗಳನ್ನ ತಯಾರು ಮಾಡ್ಲಿಕ್ಕೆ ಮಾತ್ರ ಜೀವಂತ ಯೀಸ್ಟ್ ಬೇಕ ಬೇಕು.

ಈಗ ನಮ್ಮ ಪರಾತಕ್ಕ ಬರೋಣು. ಅರ್ಧ ಕಿಲೋ ಮೈದಾ, ಒಂದು ಸಣ್ಣ ಚಮಚಾ ಸಕ್ಕರಿ, ಅಷ್ಟ ಯೀಸ್ಟ್, ಒಂದು ಚಮಚಾ ಉಪ್ಪು, ಸುಮಾರು 300 ಮಿಲಿ ಉಗುರುಬೆಚ್ಚಗಿನ ನೀರು. ಯೀಸ್ಟ್ ಸಕ್ಕರಿಯನ್ನ ಒಡದು ಹೆಚ್ಚುಕಡಿಮಿ ಅರ್ಧ ತೂಕ ಆಲ್ಕೋಹಾಲ್, ಅರ್ಧ ತೂಕ ಇಂಗಾಲದ ಡೈಆಕ್ಸೈಡ್ ಮಾಡತದ. ಒಂದು ಗ್ರಾಂ ಸಕ್ಕರಿಯಿಂದ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚಿಗಿ ಗಾಳಿ ಬರತದ. ಅಂದ್ರ ನಾಕು ಗ್ರಾಂ ಹಿಡಿಯೋ ಆ ಒಂದು ಸಣ್ಣ ಚಮಚಾ ಸಕ್ಕರಿಯಿಂದ ಲೀಟರಿನಷ್ಟು ಗಾಳಿ! ನಮ್ಮ ಹಿಟ್ಟು ಎರಡು ಪಟ್ಟು ಆಗ್ಲಿಕ್ಕೆ ಅಷ್ಟೂ ಬೇಕಾಗಿಲ್ಲ. ಸಕ್ಕರಿ ಹಾಕ್ಲಿಲ್ಲಂದ್ರೂ ನಡೀತದ. ಹಿಟ್ಟಿನಾಗಿನ ಎಂಜೈಮುಗಳು ಪಿಷ್ಟ ಒಡದು ಯೀಸ್ಟಿಗೆ ಸಕ್ಕರಿ ಒದಗಸ್ತಾವ, ಸ್ವಲ್ಪ ತಡ ಆಗತದ ಅಷ್ಟ.

ಗಾಳಿ ಬಂದ್ರ ಸಾಲದು, ಅದನ್ನ ಹಿಡಿದಿಡಬೇಕಲ್ಲಾ. ಗೋಧಿಯೊಳಗಿನ ಗ್ಲೂಟೆನ್ ನೀರು ಕುಡದು, ನಾದಿದಾಗ ಜಿಗಿಬಲಿಯಂಥಾ ಪರದಿ ಆಗತದ. ನಾದೋವಾಗ ಹಿಟ್ಟಿನೊಳಗ ಸಣ್ಣ ಸಣ್ಣ ಗಾಳಿ ಗುಳ್ಳಿ ಸೇರ್ತಾವ. ಯೀಸ್ಟ್ ಬಿಟ್ಟ ಗಾಳಿ ಹೊಸಾ ಗುಳ್ಳಿ ಮಾಡೂದಿಲ್ಲ, ಈ ಗುಳ್ಳಿಗಳೊಳಗನ ಹೋಗಿ ತುಂಬಿ ಅವನ್ನ ಹಿಗ್ಗಸ್ತದ. ಅದಕ್ಕ ನಾದೋದ್ರಾಗ ಹತ್ತು ನಿಮಿಷ ಉಳಿಸಿದ್ರ ಬ್ರೆಡ್ಡು ಇಟ್ಟಂಗಿ ಆಗತದ. ನಮ್ಮ ಜ್ವಾಳದ ಹಿಟ್ಟಿಗೆ ಯೀಸ್ಟ್ ಹಾಕಿದ್ರೂ ಯೀಸ್ಟ್ ತನ್ನ ಕೆಲಸ ಮಾಡತದ, ಆದ್ರ ಜ್ವಾಳದಾಗ ಗ್ಲೂಟೆನ್ ಇಲ್ಲ, ಗಾಳಿ ಸೋರಿ ಹೋಗತದ. ಇಡ್ಲಿದ ಕಥಿ ಬ್ಯಾರೆ. ಅಲ್ಲೆ ಗಾಳಿ ಮಾಡೋವು ಹೆಚ್ಚಾಗಿ ಬ್ಯಾಕ್ಟೀರಿಯಾ, ಹಿಡಿಯೋದು ಉದ್ದಿನಬ್ಯಾಳಿಯ ಲೋಳಿ. ಅದಕ್ಕ ಇಡ್ಲಿಗೆ ಯೀಸ್ಟ್ ಬ್ಯಾಡ.

ಹಿಟ್ಟು ಉಬ್ಬಲಿಲ್ಲಂದ್ರ ತಪ್ಪು ಯೀಸ್ಟಿಂದೋ, ನಾದಿದ್ದೋ ಹೆಂಗ ಗೊತ್ತಾಗಬೇಕು? ಕಲಸೋದಕ್ಕ ಮೊದಲ ಒಂದು ಗ್ಲಾಸ್ ಉಗುರುಬೆಚ್ಚಗಿನ ನೀರಿಗೆ ಚಮಚಾ ಸಕ್ಕರಿ, ಯೀಸ್ಟ್ ಹಾಕಿಡ್ರಿ. ಹತ್ತು, ಹದಿನೈದು ನಿಮಿಷಕ್ಕ ಮ್ಯಾಲೆ ನೊರಿ ಬಂದ್ರ ಯೀಸ್ಟ್ ಜೀವಂತ ಅದ. ನೊರಿ ಬರ್ಲಿಲ್ಲಂದ್ರ ಅದು ಹಳೇದಾಗಿ ಸತ್ತದ, ಇಲ್ಲಾ ನೀರು ಭಾಳ ಬಿಸಿ ಇತ್ತು. 60 ಡಿಗ್ರಿಯ ಹತ್ತಿರ ಹೋದ್ರ ಯೀಸ್ಟ್ ಸಾಯತದ, ಶ್ವಾನ್ ಕುದಿಸಿದಾಗ ಆಗಿದ್ದೂ ಅದ. ಥಂಡಿ ಹಂಗಲ್ಲ. ಫ್ರಿಜ್ಜಿನಾಗ ಯೀಸ್ಟ್ ಸಾಯೂದಿಲ್ಲ, ನಿಧಾನ ಆಗತದ. ರಾತ್ರಿ ಹಿಟ್ಟು ಫ್ರಿಜ್ಜಿನಾಗಿಟ್ಟು ಮುಂಜಾನೆ ಮಾಡಬಹುದು.

ಭಾಳ ಹೊತ್ತು ಬಿಟ್ರೂ ಕೆಡತದ. ಹಿಟ್ಟಿಗೆ ಹಸಿ ಬೆರಳಿನಿಂದ ಮೆತ್ತಗ ಒತ್ತಿ ನೋಡ್ರಿ. ತಗ್ಗು ಕೂಡ್ಲೇ ತುಂಬಿದ್ರ ಇನ್ನೂ ಹೊತ್ತು ಬೇಕು. ಸಾವಕಾಶ ಅರ್ಧ ತುಂಬಿದ್ರ ಒಲಿಗೆ ಹಾಕೋ ಹೊತ್ತು. ತುಂಬಲೇ ಇಲ್ಲ, ಹುಳಿ ವಾಸನಿ ಬರ್ತದ, ಹಿಟ್ಟು ಕುಸೀತದ ಅಂದ್ರ ಹೊತ್ತು ಮೀರೇದ. ಗಾಳಿ ಭಾಳಾಗಿ ಪರದಿ ಹರದದ. ಹೆಚ್ಚು ಕುಸಿಯೋದಕ್ಕ ಮೊದಲಾದ್ರ ಮತ್ತ ನಾದಿ ಉಂಡಿ ಕಟ್ಟಿ ಸ್ವಲ್ಪ ಹೊತ್ತು ಬಿಡ್ರಿ, ಯೀಸ್ಟಿಗೆ ತಿನ್ನಲಿಕ್ಕೆ ಸಕ್ಕರಿ ಉಳಿದಿದ್ರ ಎದ್ದೇ ಏಳತದ.

ಓವನ್ನಿಗೆ ಹೋದ ಮೊದಲ ಕೆಲವು ನಿಮಿಷ ಯೀಸ್ಟ್ ಜೋರಾಗಿ ಕೆಲಸ ಮಾಡತದ. ಬಿಸಿಗೆ ಗುಳ್ಳಿಗಳೂ ಹಿಗ್ಗತಾವ. ಅದಕ್ಕ ಬ್ರೆಡ್ಡು ಒಲಿಯೊಳಗ ಒಮ್ಮೆಲೇ ಎದ್ದು ನಿಲ್ಲತದ. ಆಮ್ಯಾಲೆ ಯೀಸ್ಟ್ ಸಾಯತದ, ಆಲ್ಕೋಹಾಲ್ ಬಹಳಷ್ಟು ಆರಿ ಹೋಗತದ, ಹಿಗ್ಗಿದ ಗ್ಲೂಟೆನ್, ಪಿಷ್ಟ ಬೆಂದು ಗಟ್ಟಿ ಆಗ್ತಾವ. ಕೊಯ್ದ ಬ್ರೆಡ್ಡಿನಾಗ ಕಾಣೋ ತೂತುಗಳೆಲ್ಲಾ ಆ ಗುಳ್ಳಿಗಳ ಮನಿ. ತೂತು ಸಣ್ಣಾಗಿ, ಒಂದೇ ಸಮ ಇದ್ರ ನಾದಿದ್ದು ಚೊಲೋ ಆಗೇದ ಅಂತ ತಿಳೀರಿ.