ಟರ್ನ್‌ಅರೌಂಡ್ ಶೀಟ್

ಆನಿಮೇಷನ್ ಮತ್ತು ತ್ರಿಆಯಾಮ ಮಾದರಿ ರಚನೆಯಲ್ಲಿ ಒಂದೇ ಪಾತ್ರವನ್ನು ಮುಂದಿನಿಂದ, ಪಕ್ಕದಿಂದ ಮತ್ತು ಹಿಂದಿನಿಂದ ಒಂದೇ ಅಳತೆಯಲ್ಲಿ ಸಾಲಾಗಿ ಬಿಡಿಸಿದ ಹಾಳೆ. ನೆತ್ತಿ, ಕಣ್ಣು, ಭುಜ, ಸೊಂಟ, ಮೊಣಕಾಲುಗಳ ಮಟ್ಟದಲ್ಲಿ ಅಡ್ಡಗೆರೆಗಳು ಮೂರೂ ಚಿತ್ರಗಳನ್ನು ಹಾದುಹೋಗುತ್ತವೆ. ಮುಂದಿನ ಚಿತ್ರದ ಮೂಗಿನ ತುದಿ ಪಕ್ಕದ ಚಿತ್ರದಲ್ಲಿ ಅದೇ ಗೆರೆಯ ಮೇಲೆ ಬೀಳದಿದ್ದರೆ ಹಾಳೆ ತಪ್ಪಾಗಿದೆ ಎಂದೇ ಅರ್ಥ.

ಹಿನ್ನೆಲೆ

ದೇಹವನ್ನು ಹಲವು ದಿಕ್ಕುಗಳಿಂದ ಅಳೆದು ಬಿಡಿಸುವ ಕ್ರಮ ಸಿನಿಮಾಕ್ಕಿಂತ ಹಳೆಯದು. ಭಾರತದ ಶಿಲ್ಪಿಗಳು ಮೂರ್ತಿಯ ಎತ್ತರವನ್ನು ತಾಲಗಳಾಗಿ ವಿಂಗಡಿಸಿ ಅಂಗಗಳ ಪ್ರಮಾಣ ನಿಗದಿಪಡಿಸುತ್ತಿದ್ದರು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್‌ನ 1528ರ ಗ್ರಂಥದಲ್ಲಿ ಮಾನವ ದೇಹದ ಮುಂದು, ಪಕ್ಕ, ಹಿಂದುಗಳ ಅಳತೆಚಿತ್ರಗಳಿವೆ. 1860ರ ಸುಮಾರಿಗೆ ಪ್ಯಾರಿಸ್‌ನ ಫ್ರಾಂಸ್ವಾ ವಿಲೆಮ್ ವ್ಯಕ್ತಿಯ ಸುತ್ತ 24 ಕ್ಯಾಮೆರಾ ನಿಲ್ಲಿಸಿ, ಆ ಫೋಟೋಗಳ ಅಂಚುಗಳನ್ನು ಅನುಸರಿಸಿ ಪ್ರತಿಮೆ ಮಾಡಿದ. 1930ರ ದಶಕದ ಕೊನೆಯಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಜೋ ಗ್ರಾಂಟ್ ಅವರ ವಿಭಾಗ ಪಾತ್ರಗಳ ಮಾದರಿ ಹಾಳೆಗಳ ಜೊತೆಗೆ ಪುಟ್ಟ ಪ್ರತಿಮೆಗಳನ್ನೂ ತಯಾರಿಸಿತು. ಹಲವು ಕೈಗಳು ಬಿಡಿಸುವ ಪಾತ್ರ ಒಂದೇ ಆಗಿ ಕಾಣಬೇಕಿತ್ತು. 1970ರ ದಶಕದ ಆರಂಭದಲ್ಲಿ ಯೂಟಾ ವಿಶ್ವವಿದ್ಯಾಲಯದ ಫ್ರೆಡರಿಕ್ ಪಾರ್ಕ್ ಮುಖದ ಮೇಲೆ ಗೆರೆಜಾಲ ಬರೆದು, ಮುಂದಿನ ಮತ್ತು ಪಕ್ಕದ ಫೋಟೋಗಳಿಂದ ಕಂಪ್ಯೂಟರ್ ಮುಖ ಕಟ್ಟಿದರು.

ಒಂದೇ ಫೋಟೋದಿಂದ

ಡ್ಯೂರರ್, ವಿಲೆಮ್, ಪಾರ್ಕ್ ಇವರ ಮುಂದೆ ಒಂದಕ್ಕಿಂತ ಹೆಚ್ಚು ನೋಟಗಳಿದ್ದವು, ಇಲ್ಲವೇ ವ್ಯಕ್ತಿಯೇ ಎದುರಿಗಿದ್ದ. ಒಂದೇ ಫೋಟೋ ಇದ್ದಾಗ ಎತ್ತರ ಮತ್ತು ಅಗಲ ಸಿಗುತ್ತವೆ, ಆಳ ಸಿಗುವುದಿಲ್ಲ. ಆ ಕೊರತೆಯನ್ನು ಬೇರೆಡೆಯ ತಿಳಿವಿನಿಂದ ತುಂಬಬೇಕು. 1999ರಲ್ಲಿ ಬ್ಲಾಂಟ್ಸ್ ಮತ್ತು ಫೆಟ್ಟರ್ 200 ಜನರ ಮುಖಗಳ ಲೇಸರ್ ಸ್ಕ್ಯಾನ್‌ಗಳಿಂದ ಮುಖದ ಆಕಾರ ಹೇಗೆಲ್ಲ ಬದಲಾಗುತ್ತದೆ ಎಂಬ ಲೆಕ್ಕ ಮಾಡಿ, ಒಂದು ಫೋಟೋದಿಂದ ತ್ರಿಆಯಾಮ ಮುಖ ಪಡೆದರು. ಇಂಥ ವಿಧಾನಗಳು ಕಾಣದ ಭಾಗವನ್ನು ನೋಡುವುದಿಲ್ಲ, ಊಹಿಸುತ್ತವೆ.

ಶ್ರವಣಬೆಳಗೊಳದ ಗೊಮ್ಮಟ: ಒಂದು ಉದಾಹರಣೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ ಬಾಹುಬಲಿಯ ಮೂರ್ತಿ ಈ ಕಷ್ಟವನ್ನು ಚೆನ್ನಾಗಿ ತೋರಿಸುತ್ತದೆ. ನೇರವಾಗಿ ನಿಂತ, ಎಡಬಲ ಸಮನಾದ ಈ ಮೂರ್ತಿ ಮೊದಲ ನೋಟಕ್ಕೆ ಸುಲಭದ ವಿಷಯ. ಆದರೆ ನಂತರದ ಕಾಲದಲ್ಲಿ ಹೊಯ್ಸಳರ ದಂಡನಾಯಕ ಗಂಗರಾಜ ಕಟ್ಟಿಸಿದ ಸುತ್ತಾಲಯ ಮೂರ್ತಿಯನ್ನು ಬಳಸಿರುವುದರಿಂದ ಅಂಗಳದೊಳಗೆ ಹೆಚ್ಚು ದೂರ ಸರಿದು ನಿಲ್ಲಲಾಗದು. ಹಾಗಾಗಿ ಫೋಟೋ ತೆಗೆಯುವವರು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡುತ್ತಾರೆ.

57 ಅಡಿ, ಅಂದರೆ ಸುಮಾರು 17.4 ಮೀಟರ್ ಎತ್ತರದ ಮೂರ್ತಿಯಿಂದ 20 ಮೀಟರ್ ದೂರದಲ್ಲಿ ನಿಂತು ಕ್ಯಾಮೆರಾವನ್ನು 20 ಡಿಗ್ರಿ ಎತ್ತಿದರೆ, ಪಾದಕ್ಕೆ ಹೋಲಿಸಿದಾಗ ತಲೆ ಸುಮಾರು ಕಾಲುಭಾಗ ಕಿರಿದಾಗಿ ಮೂಡುತ್ತದೆ. ಹಾಗಾಗಿ ಮೊದಲ ಕೆಲಸ ಓರೆಯನ್ನು ಸರಿಪಡಿಸುವುದು. ಪ್ರಕಟಿತ ಅಳತೆಗಳಲ್ಲಿ ಭುಜಗಳ ಅಗಲ 26 ಅಡಿ, ನಿತಂಬದ ಅಗಲ 13 ಅಡಿ ಎಂದಿದೆ. ತಿದ್ದಿದ ಚಿತ್ರದಲ್ಲಿ ಭುಜ ನಿತಂಬದ ಎರಡರಷ್ಟಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ಓರೆ ಇನ್ನೂ ಉಳಿದಿದೆ ಎಂದು ತಿಳಿಯಬಹುದು.

ಪಕ್ಕದ ನೋಟಕ್ಕೆ ಎತ್ತರದ ಗೆರೆಗಳನ್ನೆಲ್ಲ ಮುಂದಿನ ಚಿತ್ರದಿಂದ ಎಳೆದುಕೊಳ್ಳಬಹುದು. ಆಳಕ್ಕೆ ಮೊದಲ ಆಧಾರ ಪಾದದ ಉದ್ದ. ಮುಂದಿನ ಫೋಟೋದಲ್ಲಿ ಅದು ಮೊಟಕಾಗಿ ಕಾಣುತ್ತದೆ, ಪ್ರಕಟಿತ ಅಳತೆಗಳಲ್ಲಿ 9 ಅಡಿ ಎಂದಿದೆ. ಎದೆಯ ಉಬ್ಬು, ಬೆನ್ನಿನ ಬಾಗು, ತಲೆಯ ಹಿಂಭಾಗ ಇವುಗಳಿಗೆ ಮುಂದಿನ ಫೋಟೋದ ನೆರಳುಗಳು ಅಲ್ಪ ಸುಳಿವು ಮಾತ್ರ ಕೊಡುತ್ತವೆ.

ಹಿಂದಿನ ನೋಟದಲ್ಲಿ ತಪ್ಪು ಹೆಚ್ಚು. ಮುಂದಿನ ಅಂಚನ್ನು ಎಡಬಲ ತಿರುಗಿಸಿದರೆ ಹಿಂದಿನ ಹೊರಗೆರೆ ಸಿಗುತ್ತದೆ, ಒಳಗಿನ ವಿವರ ಸಿಗದು. ಮೂರ್ತಿಗೆ ಆಸರೆಯಿಲ್ಲದಿರುವುದು ತೊಡೆಯಿಂದ ಮೇಲಕ್ಕೆ ಮಾತ್ರ. ಕೆಳಗೆ ಇಕ್ಕೆಲಗಳಲ್ಲೂ ಹಾವುಗಳಿರುವ ಹುತ್ತಗಳಿವೆ. ಇದನ್ನು ಅರಿಯದವರು ಹಿಂದೆ ಎರಡು ಬಿಡಿ ಕಾಲುಗಳನ್ನು ದುಂಡಗೆ ತಿರುವಿ ಬಿಡಿಸಿಬಿಡುತ್ತಾರೆ. ಕಾಲು ಮತ್ತು ತೋಳುಗಳನ್ನು ಸುತ್ತಿದ ಮಾಧವಿ ಬಳ್ಳಿ ಮುಂದೆ ಕಾಣದಾದ ಮೇಲೆ ಯಾವ ಎತ್ತರದಲ್ಲಿ ಮತ್ತೆ ಹೊರಬರುತ್ತದೆ ಎಂಬುದೂ ಗಮನಿಸಬೇಕಾದದ್ದು: ಹಿಂದಿನ ಸುತ್ತು ಆ ಎರಡು ಬಿಂದುಗಳನ್ನು ಕೂಡಿಸಲೇಬೇಕು.

ಮಿತಿ

ಕಲ್ಪಿತ ಪಾತ್ರದಲ್ಲಿ ಬೆನ್ನನ್ನು ಕಲಾವಿದ ತನಗೆ ಸರಿತೋರಿದಂತೆ ನಿರ್ಧರಿಸಬಹುದು. ಇರುವ ವ್ಯಕ್ತಿ ಅಥವಾ ಮೂರ್ತಿಯ ಹಾಳೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಫೋಟೋದಿಂದ ಅಳೆದ ಗೆರೆಗಳನ್ನು ಒಂದು ಬಣ್ಣದಲ್ಲೂ ಊಹಿಸಿದವನ್ನು ಮತ್ತೊಂದು ಬಣ್ಣದಲ್ಲೂ ಎಳೆದರೆ, ಎರಡನೆಯ ಫೋಟೋ ಸಿಕ್ಕ ದಿನ ಎಲ್ಲಿ ತಿದ್ದಬೇಕೆಂಬುದು ಮಾದರಿ ಕಟ್ಟುವವರಿಗೆ ಹಾಳೆಯಿಂದಲೇ ತಿಳಿಯುತ್ತದೆ.