ಮಳೆಹನಿಯ ಬಾಲ

ಮಳೆಗಾಲದಲ್ಲಿ ಊರಿಗೆ, ಕ್ಯಾಸನೂರಿಗೆ ಹೋಗಿದ್ದೆ. ಲ್ಯಾಪ್‌ಟಾಪಿನಲ್ಲಿ ಗೇಮ್ ಆಡ್ತಿದ್ದ ತಮ್ಮ ಕೇಳಿದ: "ಅಣ್ಣಾ, ಇದರಲ್ಲಿ ಮಳೆಹನಿಗೆ ಬಾಲ ಯಾಕೆ?" ಆ ಬಾಲಕ್ಕೂ ಒಂದು ಇತಿಹಾಸ ಇದೆ.

ಹಳೆಯ ಫ್ರೇಮುಗಳನ್ನು ಬೆರೆಸಿ ಅಂಚುಗಳನ್ನು ನಯ ಮಾಡೋದನ್ನ ಬ್ರಯಾನ್ ಕಾರಿಸ್ 2014ರಲ್ಲೇ ಅನ್‌ರಿಯಲ್ ಎಂಜಿನ್ 4ಕ್ಕಾಗಿ ವಿವರಿಸಿದ್ದರು. 2018ರಲ್ಲಿ ಬಂದ ಎನ್‌ವಿಡಿಯಾದ ಮೊದಲ ಡಿಎಲ್‌ಎಸ್‌ಎಸ್‌ಗೆ ಗೇಮ್ ಗೇಮಿಗೂ ಬೇರೆ ತರಬೇತಿ ಬೇಕಿತ್ತು. ಚಿತ್ರ ಮಸುಕು ಅಂತ ಆಟಗಾರರು ಗೊಣಗಿದರು. 2020ರ ಎರಡನೇ ಆವೃತ್ತಿ ಹಳೆಯ ಫ್ರೇಮುಗಳನ್ನೇ ನೆಚ್ಚಿಕೊಂಡಿತು.

ಲೆಕ್ಕ ಸರಳ. ಪರದೆ 3840×2160 ಇದ್ದರೂ ಗೇಮ್ 1920×1080ರಲ್ಲಿ, ಅಂದರೆ ಕಾಲುಭಾಗ ಪಿಕ್ಸೆಲ್ ಮಾತ್ರ ಬಿಡಿಸುತ್ತೆ. ಪ್ರತಿ ಫ್ರೇಮಿಗೂ ಕ್ಯಾಮೆರಾವನ್ನು ಒಂದು ಪಿಕ್ಸೆಲಿಗಿಂತ ಕಡಿಮೆ ಅಲುಗಿಸೋದರಿಂದ ಪ್ರತಿ ಸಲ ಬೇರೆ ಬಿಂದು ಸಿಗುತ್ತೆ. ಆದರೆ ವಸ್ತು ಚಲಿಸಿದರೆ? ಅದಕ್ಕೇ ಮೋಷನ್ ವೆಕ್ಟರ್. ಈಗ 1000ನೇ ಕಾಲಮ್ಮಿನಲ್ಲಿರುವ ಎಲೆ 12 ಪಿಕ್ಸೆಲ್ ಬಲಕ್ಕೆ ಸರಿದಿದೆ ಅಂತ ವೆಕ್ಟರ್ ಹೇಳಿದರೆ, ಅದರ ಹಳೆಯ ಬಣ್ಣವನ್ನು 988ರಿಂದ ತಂದು ಹೊಸದರ ಜೊತೆ ಬೆರೆಸಬೇಕು.

ಮರದ ಹಿಂದಿನಿಂದ ಈಗಷ್ಟೇ ಕಂಡ ಗೋಡೆಗೆ ಹಳೆಯ ಬಣ್ಣವೇ ಇರಲ್ಲ. ಅಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನಷ್ಟೇ ನಂಬಬೇಕು, ಹಾಗಾಗಿ ಕ್ಷಣಕಾಲ ಒರಟು ಕಾಣುತ್ತೆ.

ಮಳೆಹನಿ ಪಾರದರ್ಶಕ. ಎಷ್ಟೋ ಗೇಮುಗಳಲ್ಲಿ ಅದಕ್ಕೆ ಸ್ವಂತ ವೆಕ್ಟರ್ ಇರಲ್ಲ, ಹಿಂದಿನ ಗೋಡೆಯದೇ ಗತಿ. ಗೋಡೆ ಅಲುಗಾಡಿಲ್ಲವಲ್ಲ! ಹನಿ ಕೆಳಗಿಳಿದರೂ ಅದರ ಹಳೆಯ ಬಣ್ಣ ಅಲ್ಲೇ ಉಳಿದು ಬಾಲವಾಗುತ್ತೆ. 2022ರಲ್ಲಿ ಬಂದ ಎಎಮ್‌ಡಿಯ ಎಫ್‌ಎಸ್‌ಆರ್ 2, ಇಂಥ ಪಿಕ್ಸೆಲ್‌ಗಳನ್ನು ಗುರುತು ಹಾಕಿ ತಿಳಿಸಿ ಅಂತ ಗೇಮ್ ಮಾಡುವವರನ್ನೇ ಕೇಳಿತು.

ತಮ್ಮ ಅಪ್‌ಸ್ಕೇಲಿಂಗ್ ಆಫ್ ಮಾಡಿದ. ಬಾಲ ಹೋಯ್ತು, ಜೊತೆಗೆ ಗೇಮೂ ತಡವರಿಸತೊಡಗಿತು. ಮತ್ತೆ ಆನ್ ಮಾಡಿಕೊಂಡ.