ಒಬ್ಬ ಬೇಟೆಗಾರ, ನಾಲ್ವರು ಎದುರಾಳಿಗಳು: ಅಸಮಬಲದ ಆಟಗಳಲ್ಲಿ ಸಮತೋಲನದ ಲೆಕ್ಕ

ಎರಡು ಪಕ್ಷಗಳಿಗೆ ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ ಶಕ್ತಿ ಮತ್ತು ಬೇರೆ ಬೇರೆ ಗುರಿಗಳನ್ನು ಕೊಟ್ಟು, ಆದರೂ ಗೆಲುವಿನ ಅವಕಾಶ ಎರಡೂ ಕಡೆಗೆ ಉಳಿಯುವಂತೆ ನಿಯಮ ರಚಿಸಿದ ಆಟಗಳನ್ನು ಅಸಮಬಲದ ಆಟಗಳೆನ್ನಬಹುದು. ಈ ಬಗೆಯ ರಚನೆ ಕಂಪ್ಯೂಟರ್ ಯುಗದ ಸೃಷ್ಟಿಯಲ್ಲ. ಕರ್ನಾಟಕದ ಹುಲಿ-ಕುರಿ ಆಟದಲ್ಲಿ ಮೂರು ಹುಲಿಗಳಿಗೆ ಎದುರಾಗಿ ಹದಿನೈದು ಕುರಿಗಳಿರುತ್ತವೆ. ಹುಲಿ ಕುರಿಯನ್ನು ಹಾರಿ ಹೊಡೆಯಬಲ್ಲದು, ಕುರಿಗಳಿಗೆ ಕೊಲ್ಲುವ ಶಕ್ತಿಯಿಲ್ಲ, ಆದರೆ ಅವು ಒಗ್ಗಟ್ಟಾಗಿ ನಿಂತು ಹುಲಿಗಳಿಗೆ ನಡೆಯೇ ಇಲ್ಲದಂತೆ ಮಾಡಿದರೆ ಗೆಲ್ಲುತ್ತವೆ. ಸಂಖ್ಯೆಯೇ ದುರ್ಬಲರ ಬಲ ಎಂಬ ಮೂಲತತ್ತ್ವ ಇಲ್ಲಿಯೇ ಪೂರ್ಣವಾಗಿ ಕಾಣುತ್ತದೆ. ಆದರೆ ಈ ಆಟದಲ್ಲಿ ಎರಡೂ ಕಡೆಯವರಿಗೆ ಇಡೀ ಆಟದ ಹಾಸು ಕಣ್ಣೆದುರಿಗಿರುತ್ತದೆ, ಮತ್ತು ಎಲ್ಲ ಕುರಿಗಳನ್ನೂ ನಡೆಸುವುದು ಒಂದೇ ಕೈ. ಈ ಎರಡು ಅನುಕೂಲಗಳನ್ನು ತೆಗೆದುಹಾಕಿ, ಪ್ರತಿಯೊಂದು ಕುರಿಯನ್ನೂ ಬೇರೆ ಬೇರೆ ಮನುಷ್ಯನ ಕೈಗೆ ಕೊಟ್ಟಾಗ ಹುಟ್ಟುವ ತೊಡಕುಗಳೇ ಇಂದಿನ ವಿಡಿಯೋ ಆಟಗಳ ಸಮತೋಲನದ ಇತಿಹಾಸ.

1983ರ ಸ್ಕಾಟ್ಲೆಂಡ್ ಯಾರ್ಡ್ ಎಂಬ ಹಲಗೆಯಾಟ ಮಾಹಿತಿಯನ್ನು ಮುಚ್ಚಿಡುವ ದಾರಿಯನ್ನು ಜನಪ್ರಿಯಗೊಳಿಸಿತು. ಅಲ್ಲಿ ಒಂಟಿಯಾಗಿರುವವನು ಬೇಟೆಗಾರನಲ್ಲ, ತಲೆಮರೆಸಿಕೊಂಡವನು, ಮತ್ತು ಅವನು ಗೊತ್ತುಪಡಿಸಿದ ಕೆಲವೇ ನಡೆಗಳಲ್ಲಿ ಮಾತ್ರ ತಾನಿರುವ ಜಾಗವನ್ನು ತೋರಿಸಬೇಕಾಗುತ್ತದೆ. ವಿಡಿಯೋ ಆಟಗಳಲ್ಲಿ ದೊಡ್ಡ ಬಂಡವಾಳದೊಂದಿಗೆ ನಡೆದ ಪ್ರಯತ್ನವೆಂದರೆ ಟರ್ಟಲ್ ರಾಕ್ ಸ್ಟುಡಿಯೋಸ್ ಸಂಸ್ಥೆಯ 2015ರ ಇವಾಲ್ವ್. ಒಬ್ಬ ಆಟಗಾರ ದೈತ್ಯಪ್ರಾಣಿಯಾಗಿ ಕಾಡಿನ ಜೀವಿಗಳನ್ನು ತಿಂದು ಹಂತಹಂತವಾಗಿ ಬೆಳೆಯುತ್ತಿದ್ದರೆ, ನಾಲ್ವರು ನಾಲ್ಕು ಪಾತ್ರಗಳನ್ನು ಹಂಚಿಕೊಂಡು ಅದನ್ನು ಅಟ್ಟಬೇಕಿತ್ತು. ಪ್ರಾಣಿಯನ್ನು ಒಂದೆಡೆ ಕೂಡಿಹಾಕುವ ಶಕ್ತಿಕವಚ ನಾಲ್ವರಲ್ಲಿ ಒಬ್ಬನ ಕೈಯಲ್ಲಿ ಮಾತ್ರ ಇದ್ದುದರಿಂದ, ಆ ಒಬ್ಬ ಅನನುಭವಿಯಾಗಿದ್ದರೆ ಉಳಿದ ಮೂವರ ಪಾಲಿಗೆ ಆಟವೆಂದರೆ ಹೆಜ್ಜೆಗುರುತುಗಳ ಹಿಂದೆ ಸುಮ್ಮನೆ ಓಡುವುದಷ್ಟೇ ಆಗುತ್ತಿತ್ತು. 2016ರಲ್ಲಿ ಆಟವನ್ನು ಉಚಿತವಾಗಿಸಿ, ಆ ಕವಚವನ್ನು ನಾಲ್ವರಿಗೂ ಕೊಟ್ಟರೂ ಆಟ ಉಳಿಯುವಷ್ಟು ಸಂಖ್ಯೆಯಲ್ಲಿ ಕಳೆದುಕೊಂಡ ಆಟಗಾರರು ಮರಳಲಿಲ್ಲ. ದುರ್ಬಲ ಪಕ್ಷದ ಗೆಲುವು ಒಬ್ಬನ ಕೌಶಲಕ್ಕೆ ಜೋತುಬೀಳಬಾರದು ಎಂಬುದು ಇವಾಲ್ವ್ ಸೋಲಿನಿಂದ ಸಿಕ್ಕ ನಿಜವಾದ ಅರಿವು.

ಅದೇ 2016ರ ಜೂನ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನ ಬಿಹೇವಿಯರ್ ಇಂಟರಾಕ್ಟಿವ್ ಹೊರತಂದ ಡೆಡ್ ಬೈ ಡೇಲೈಟ್ ಬೇರೆ ದಾರಿ ಹಿಡಿಯಿತು. ಇಲ್ಲಿ ಕಿಲ್ಲರ್ ಎನಿಸಿಕೊಳ್ಳುವ ಒಬ್ಬ ಬೇಟೆಗಾರನ ವಿರುದ್ಧ ಸರ್ವೈವರ್‌ಗಳೆಂಬ ನಾಲ್ವರಿದ್ದಾರೆ. ಅವರು ಏಳು ಜನರೇಟರ್‌ಗಳಲ್ಲಿ ಐದನ್ನು ದುರಸ್ತಿ ಮಾಡಿ, ಹೊರಬಾಗಿಲು ತೆರೆದು ಪಾರಾಗಬೇಕು. ಕಿಲ್ಲರನಿಗೆ ತಿರುಗಿ ಹೊಡೆದು ಅವನನ್ನು ಮುಗಿಸುವ ದಾರಿ ಅವರಿಗಿಲ್ಲ. ಕಿಲ್ಲರ್ ಸಾಮಾನ್ಯವಾಗಿ ಎರಡು ಏಟಿಗೆ ಒಬ್ಬರನ್ನು ಕೆಡವಿ, ಕೊಕ್ಕೆಗೆ ತೂಗುಹಾಕುತ್ತಾನೆ, ಮತ್ತು ಪ್ರತಿಸಲವೂ ಸಕಾಲದಲ್ಲಿ ಬಿಡಿಸಿಕೊಳ್ಳುವ ಸರ್ವೈವರ್ ಮೂರನೆಯ ಕೊಕ್ಕೆಗೆ ಆಟದಿಂದ ಹೊರಬೀಳುತ್ತಾನೆ. ಹೀಗೆ ಯಾರನ್ನೂ ಕೊಕ್ಕೆಯಲ್ಲೇ ಸಾಯಲು ಬಿಡದ ತಂಡದ ನಾಲ್ವರನ್ನೂ ಮುಗಿಸಲು ಹನ್ನೆರಡು ಬಾರಿ ತೂಗುಹಾಕಬೇಕು. ಮೇಲ್ನೋಟಕ್ಕೆ ಇದು ಭಯದ ಆಟ. ಒಳಗೆ ಇದು ಸೆಕೆಂಡುಗಳ ಜಮಾಖರ್ಚು.

ಆ ಲೆಕ್ಕವನ್ನು ಒಂದು ಬೆನ್ನಟ್ಟುವಿಕೆಯಲ್ಲಿ ಹತ್ತಿರದಿಂದ ನೋಡಬಹುದು. ಸರ್ವೈವರ್ ಸೆಕೆಂಡಿಗೆ 4 ಮೀಟರ್ ಓಡಿದರೆ, ಹೆಚ್ಚಿನ ಕಿಲ್ಲರ್‌ಗಳು 4.6 ಮೀಟರ್ ನಡೆಯುತ್ತಾರೆ. ಅಂದರೆ ನೆಟ್ಟಗಿನ ದಾರಿಯಲ್ಲಿ ಅಂತರ ಸೆಕೆಂಡಿಗೆ 0.6 ಮೀಟರಿನಷ್ಟು ಕರಗುತ್ತ ಹೋಗುತ್ತದೆ ಮತ್ತು ಸಿಕ್ಕಿಬೀಳುವುದು ಖಚಿತ. ಇದನ್ನು ತಡೆಯಲೆಂದು ರಂಗದ ತುಂಬ ಪ್ಯಾಲೆಟ್‌ಗಳನ್ನು, ಅಂದರೆ ದಾರಿಗೆ ಅಡ್ಡವಾಗಿ ಉರುಳಿಸಬಹುದಾದ ಮರದ ಹಲಗೆಗಳನ್ನು ಇಟ್ಟಿರುತ್ತಾರೆ. ಉರುಳಿಸಿದ ಒಂದು ಪ್ಯಾಲೆಟ್ಟನ್ನು ಮುರಿಯಲು ಕಿಲ್ಲರನಿಗೆ ಮೊದಲು 2.6 ಸೆಕೆಂಡು ಬೇಕಿತ್ತು. ಅಷ್ಟರಲ್ಲಿ ಸರ್ವೈವರ್ 10.4 ಮೀಟರ್ ಮುಂದೆ ಹೋಗಿರುತ್ತಾನೆ, ಆ ಅಂತರವನ್ನು ಸೆಕೆಂಡಿಗೆ 0.6 ಮೀಟರಿನ ಲೆಕ್ಕದಲ್ಲಿ ತುಂಬಲು ಹದಿನೇಳು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಒಟ್ಟಿನಲ್ಲಿ ಒಂದು ಪ್ಯಾಲೆಟ್ಟಿನ ಬೆಲೆ ಸುಮಾರು ಇಪ್ಪತ್ತು ಸೆಕೆಂಡು. 2022ರ ಜುಲೈಯ ಪರಿಷ್ಕರಣೆಯಲ್ಲಿ ಮುರಿಯುವ ಅವಧಿಯನ್ನು 2.34 ಸೆಕೆಂಡಿಗೆ ಇಳಿಸಿದಾಗ ಆ ಬೆಲೆ ಸುಮಾರು ಹದಿನೆಂಟಕ್ಕೆ ಬಂತು. ಕಾಲು ಸೆಕೆಂಡಿನ ಕಡಿತ ಎರಡು ಸೆಕೆಂಡಿನ ನಷ್ಟವಾಗಿ ಪರಿಣಮಿಸಿದ್ದಕ್ಕೆ ವೇಗಗಳ ನಡುವಿನ ವ್ಯತ್ಯಾಸ ತೀರ ಕಿರಿದಾಗಿರುವುದೇ ಕಾರಣ. ಈ ಆಟದ ವಿನ್ಯಾಸಕಾರರು ದಶಮಾಂಶಗಳ ಮಟ್ಟದಲ್ಲಿ ತಿದ್ದುವುದನ್ನು ಹೊರಗಿನವರು ಅತಿಸೂಕ್ಷ್ಮತೆ ಎಂದುಕೊಳ್ಳಬಹುದು, ಆದರೆ ಈ ಗುಣಾಕಾರವನ್ನು ಕಂಡವರಿಗೆ ಹಾಗೆನಿಸುವುದಿಲ್ಲ.

ಹೀಗೆ ಗಳಿಸಿದ ಸೆಕೆಂಡುಗಳು ಜಮೆಯಾಗುವುದು ಜನರೇಟರ್‌ಗಳಲ್ಲಿ. ಒಬ್ಬರೇ ಕುಳಿತು ಒಂದನ್ನು ಮುಗಿಸಲು ಹಿಂದೆ 80 ಸೆಕೆಂಡು ಸಾಕಾಗುತ್ತಿತ್ತು, ಅದೇ ಪರಿಷ್ಕರಣೆ ಅದನ್ನು 90ಕ್ಕೆ ಏರಿಸಿತು. ಒಬ್ಬ ಸರ್ವೈವರ್ ಐದಾರು ಪ್ಯಾಲೆಟ್‌ಗಳ ನೆರವಿನಿಂದ ಕಿಲ್ಲರನನ್ನು ತೊಂಬತ್ತು ಸೆಕೆಂಡು ಅಲೆದಾಡಿಸಿದರೆ, ಉಳಿದ ಮೂವರು ಅಷ್ಟರಲ್ಲಿ ಮೂರು ಜನರೇಟರ್ ಮುಗಿಸಿ, ಬೇಕಾದ ಐದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಪೂರೈಸಿರುತ್ತಾರೆ. ಕಿಲ್ಲರನಿಗೆ ಇದನ್ನು ಸರಿದೂಗಿಸುವ ಅಸ್ತ್ರ ಕೊಕ್ಕೆ. ಒಬ್ಬ ತೂಗಾಡುತ್ತಿದ್ದಾನೆ, ಇನ್ನೊಬ್ಬ ಅವನನ್ನು ಬಿಡಿಸಲು ಹೊರಟಿದ್ದಾನೆ, ಮೂರನೆಯವನ ಬೆನ್ನಿಗೆ ಕಿಲ್ಲರ್ ಬಿದ್ದಿದ್ದಾನೆ. ದುರಸ್ತಿಗೆ ಉಳಿದದ್ದು ಒಬ್ಬನೇ. ಹಾಗಾಗಿ ಕಿಲ್ಲರನ ನಿಜವಾದ ಬಲ ಕೊಲ್ಲುವುದರಲ್ಲಿಲ್ಲ, ನಾಲ್ಕು ಜೋಡಿ ಕೈಗಳ ದುಡಿಮೆಯನ್ನು ಒಂದಕ್ಕೆ ಇಳಿಸುವುದರಲ್ಲಿದೆ.

ಈ ಲೆಕ್ಕ ಹದ ತಪ್ಪುತ್ತಿದ್ದುದು ಎರಡು ತುದಿಗಳಲ್ಲಿ. ಆರಂಭದ ವರ್ಷಗಳಲ್ಲಿ ಕೆಲವು ಕಟ್ಟಡಗಳ ಕಿಟಕಿಗಳನ್ನು ಸುತ್ತುತ್ತಲೇ ಕಿಲ್ಲರನಿಗೆ ಎಟುಕದೆ ಉಳಿಯಲು ಸಾಧ್ಯವಿತ್ತು. ಬೆನ್ನಟ್ಟುವಾಗ ಒಂದೇ ಕಿಟಕಿಯನ್ನು ಮೂರು ಬಾರಿ ಹಾರಿದರೆ ಅದು ಕೆಲಕಾಲ ಮುಚ್ಚಿಕೊಳ್ಳುವಂತೆಯೂ, ಬೆನ್ನಟ್ಟುವಿಕೆ ಹದಿನೈದು ಸೆಕೆಂಡು ದಾಟಿದರೆ ಕಿಲ್ಲರನ ವೇಗ ಹಂತಹಂತವಾಗಿ ಏರುವಂತೆಯೂ ನಿಯಮಗಳು ಬಂದದ್ದು ಇದಕ್ಕಾಗಿಯೇ. ಇನ್ನೊಂದು ತುದಿಯಲ್ಲಿ ಕಿಲ್ಲರ್ ಕೊಕ್ಕೆಯ ಬಳಿಯೇ ಕಾವಲು ನಿಲ್ಲುವುದು, ಅಥವಾ ಬಿಡಿಸಿಕೊಂಡವನನ್ನೇ ಮತ್ತೆ ಮತ್ತೆ ಹಿಡಿದು ಬೇಗ ಮುಗಿಸುವುದು. ನಾಲ್ವರು ಮೂವರಾದೊಡನೆ ದುಡಿಮೆಯ ಲೆಕ್ಕವೇ ಬದಲಾಗುವುದರಿಂದ ಇದು ಕಿಲ್ಲರನಿಗೆ ಲಾಭದ ತಂತ್ರ, ಆದರೆ ಹಿಡಿಸಿಕೊಂಡವನಿಗೆ ಆಡಲು ಏನೂ ಉಳಿಯುವುದಿಲ್ಲ. ಬಿಡಿಸಿಕೊಂಡವನಿಗೆ ಕೆಲವು ಸೆಕೆಂಡುಗಳ ರಕ್ಷಣೆ, ಹತ್ತಿರದಲ್ಲೇ ಕಾವಲು ಕಾಯ್ದರೆ ತಾನಾಗಿ ಕೊಕ್ಕೆಯಿಂದ ಇಳಿಯುವ ಅವಕಾಶ ಇವೆಲ್ಲ ನಂತರದ ಸೇರ್ಪಡೆಗಳು. ಗೆಲುವಿನ ಪ್ರಮಾಣ ಸರಿಯಾಗಿದ್ದರೂ ಒಬ್ಬನ ಪಾಲಿನ ಆಟ ಹಾಳಾಗಬಲ್ಲದು ಎಂಬುದನ್ನು ಈ ಕ್ಷೇತ್ರ ತಡವಾಗಿ ಒಪ್ಪಿಕೊಂಡಿತು.

ಬಿಹೇವಿಯರ್ ಸಂಸ್ಥೆ ಬಹಿರಂಗವಾಗಿ ಹೇಳಿಕೊಂಡ ಗುರಿ ಶೇ 60ರ ಆಸುಪಾಸಿನ ಕೊಲ್ಲುವ ಪ್ರಮಾಣ, ಅಂದರೆ ಸರಾಸರಿ ಒಂದು ಪಂದ್ಯಕ್ಕೆ ನಾಲ್ವರಲ್ಲಿ 2.4 ಮಂದಿ. ಆದರೆ ಸರಾಸರಿ ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ಆಟದೊಳಗೆ ಧ್ವನಿಸಂಭಾಷಣೆಯಿಲ್ಲ, ಪರಸ್ಪರ ಅಪರಿಚಿತರಾದ ನಾಲ್ವರಿಗೆ ಕಿಲ್ಲರ್ ಎಲ್ಲಿದ್ದಾನೆ, ಕೊಕ್ಕೆಯ ಕಡೆಗೆ ಯಾರು ಹೊರಟಿದ್ದಾರೆ ಎಂಬುದು ತಿಳಿಯದೆ ಇಬ್ಬರು ಒಂದೇ ಕೆಲಸಕ್ಕೆ ಓಡುತ್ತಾರೆ ಅಥವಾ ಯಾರೂ ಹೋಗುವುದಿಲ್ಲ. ಬೇರೊಂದು ಆ್ಯಪಿನಲ್ಲಿ ಮಾತಾಡಿಕೊಂಡು ಆಡುವ ಗೆಳೆಯರಿಗೆ ಈ ಗೊಂದಲವೇ ಇಲ್ಲ, ಅವರು ಒಂದೇ ಕೈ ನಡೆಸುವ ಕುರಿಗಳಂತೆ ಸಾಗುತ್ತಾರೆ. ಪ್ರತಿಯೊಬ್ಬ ಸಂಗಾತಿ ಏನು ಮಾಡುತ್ತಿದ್ದಾನೆ ಎಂದು ತೋರಿಸುವ ಪುಟ್ಟ ಚಿಹ್ನೆಗಳನ್ನು ಪರದೆಯ ಅಂಚಿಗೆ ಸೇರಿಸಿದ ಮೇಲೆ ಅಂತರ ಕಿರಿದಾಯಿತು, ಅಳಿಯಲಿಲ್ಲ. ಅಪರಿಚಿತರಿಗೆ ಹದವಾಗುವಂತೆ ಅಂಕಿಗಳನ್ನು ತಿದ್ದಿದರೆ ಒಗ್ಗಟ್ಟಿನ ತಂಡದ ಮುಂದೆ ಕಿಲ್ಲರ್ ದುರ್ಬಲನಾಗುತ್ತಾನೆ, ತಂಡಕ್ಕೆ ತಕ್ಕಂತೆ ತಿದ್ದಿದರೆ ಅಪರಿಚಿತರು ಸೋಲುತ್ತಾರೆ. ವೇಗ ಮತ್ತು ಸೆಕೆಂಡುಗಳನ್ನು ಎಷ್ಟು ತಿದ್ದಿದರೂ ಒಂದೇ ಅಂಕಿ ಇಬ್ಬರಿಗೂ ಸಲ್ಲುವುದು ಈವರೆಗೆ ಸಾಧ್ಯವಾಗಿಲ್ಲ.